ಚೌಕ ಖಾಲಿ, ಉತ್ತರ ಸರಿ

ಆ ವಾರ ಹೆಂಡತಿಗೆ ಆಸ್ಪತ್ರೆಯಲ್ಲಿ ಸಂಜೆ ಪಾಳಿ ಬಿದ್ದಿದ್ದರಿಂದ ಮಗಳ ಹೋಂವರ್ಕ್ ನೋಡುವ ಕೆಲಸ ಬಡಗಿಯ ಹೆಗಲಿಗೆ ಬಂತು. ಅಡುಗೆಯನ್ನು ಅವನ ಅಮ್ಮ ವಹಿಸಿಕೊಂಡಿದ್ದಳು, ನೀರು ತುಂಬಿಸುವುದು ಬಟ್ಟೆ ಒಣಹಾಕುವುದು ಅವನಿಗೆ ಮೊದಲಿನಿಂದಲೂ ಅಭ್ಯಾಸ. ಹೋಂವರ್ಕ್ ಮಾತ್ರ ಹೊಸದು. ಹೆಂಡತಿ ಚಪ್ಪಲಿ ಮೆಟ್ಟುತ್ತಾ ಬಾಗಿಲಲ್ಲೇ ನಿಂತು ಎರಡೆರಡು ಸಲ ಹೇಳಿ ಹೋಗಿದ್ದಳು.

"ಗಣಿತದ್ದು ವರ್ಕ್‌ಶೀಟ್ ಕೊಟ್ಟಿದ್ದಾರೆ. ಕೆಳಗೆ ಪೋಷಕರು ಸಹಿ ಮಾಡ್ಬೇಕು. ಕಣ್ಮುಚ್ಚಿ ಹಾಕ್ಬೇಡಿ, ಒಂದೊಂದೂ ನೋಡಿ ಹಾಕಿ."

"ನೋಡ್ತೀನಿ ಬಿಡು, ನಾನೇನು ಲೆಕ್ಕ ಬಾರದವನಾ?" ಎಂದಿದ್ದ ಅವನು. ಬಾಗಿಲು ಕಿಟಕಿ ಕಪಾಟು ಮಾಡಿ ಹದಿನೈದು ವರ್ಷವಾಗಿತ್ತು. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕೈಗೇ ಗೊತ್ತಾಗುತ್ತಿತ್ತು. ಮೂರನೇ ಕ್ಲಾಸಿನ ಲೆಕ್ಕ ಯಾವ ಮಹಾ ಎಂಬ ಧೈರ್ಯ.

ಸಂಜೆ ಆರರ ಹೊತ್ತಿಗೆ ಕೈಕಾಲು ತೊಳೆದು, ತೋಳಿಗೆ ಅಂಟಿದ್ದ ಮರದ ಪುಡಿ ಒದರಿ ಅಡುಗೆಮನೆಯ ಮೇಜಿನ ಮುಂದೆ ಕೂತ. ಮೇಜು ಅವನೇ ಮಾಡಿದ್ದು. ಒಂದು ಕಡೆ ಅಮ್ಮ ಬೀನ್ಸಿನ ನಾರು ತೆಗೆಯುತ್ತಿದ್ದಳು, ಇನ್ನೊಂದು ಕಡೆ ಮಗಳು ಕುರ್ಚಿಯ ಮೇಲೆ ಮಂಡಿಯೂರಿ ನಿಂತು ಪೆನ್ಸಿಲು ಕಚ್ಚುತ್ತಿದ್ದಳು. ಎಂಟು ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಿದ್ದರು. ಒಂದು ಕಡೆ ಕೂರುವವಳಲ್ಲ, ಮಾತು ನಿಲ್ಲಿಸುವವಳೂ ಅಲ್ಲ.

"ಮುಗೀತು ಅಪ್ಪ. ಸಹಿ ಹಾಕು."

"ತಾಳು ಮಾರಾಯ್ತಿ, ನೋಡ್ಬೇಕಲ್ಲ."

ಹಾಳೆಯಲ್ಲಿ ಹತ್ತು ಕಳೆಯುವ ಲೆಕ್ಕಗಳಿದ್ದವು. ಮೇಲೊಂದು ಸಂಖ್ಯೆ, ಕೆಳಗೊಂದು ಸಂಖ್ಯೆ, ಅಡಿಯಲ್ಲಿ ಗೆರೆ. ಮೇಲಿನ ಸಂಖ್ಯೆಯ ಒಂದೊಂದು ಅಂಕಿಯ ನೆತ್ತಿಗೂ ಒಂದೊಂದು ಪುಟ್ಟ ಚೌಕ. ಬಿಡಿಯ ಮನೆಯಲ್ಲಿ ಸಾಲದಿದ್ದರೆ ಪಕ್ಕದ ಹತ್ತರ ಮನೆಯಿಂದ ಒಂದು ಹತ್ತನ್ನು ತಂದು, ಅಲ್ಲಿ ಎಷ್ಟು ಉಳಿಯಿತು ಎಂದು ಬರೆಯಲು ಆ ಚೌಕಗಳು. ಅವನಿಗೆ ಅದು ತಕ್ಷಣ ಅರ್ಥವಾಯಿತು. ತಾನು ಕಲಿತಿದ್ದೂ ಹಾಗೆಯೇ, ಚೌಕವೊಂದು ಇರಲಿಲ್ಲ ಅಷ್ಟೆ.

ಅರ್ಥವಾಗದಿದ್ದದ್ದು ಬೇರೆ. ಗುಬ್ಬಿಯ ಹಾಳೆಯಲ್ಲಿ ಒಂದು ಚೌಕವೂ ತುಂಬಿರಲಿಲ್ಲ. ಬದಲಿಗೆ ಪ್ರತಿ ಲೆಕ್ಕದ ಪಕ್ಕದಲ್ಲಿ ಇನ್ನೊಂದು ಲೆಕ್ಕವಿತ್ತು. ಮೊದಲನೆಯದು 82ರಲ್ಲಿ 38 ಕಳೆಯುವುದು. ಇವಳು ಪಕ್ಕದಲ್ಲಿ 84 − 40 ಎಂದು ಬರೆದು, 44 ಎಂದು ಉತ್ತರ ಹಾಕಿದ್ದಳು. ಎರಡನೆಯದು 71ರಲ್ಲಿ 46. ಇವಳು ಬರೆದಿದ್ದು 75 − 50, ಉತ್ತರ 25.

ಬಡಗಿ ಹಳೆಯ ರೀತಿಯಲ್ಲಿ ಮನಸ್ಸಿನಲ್ಲೇ ಕಳೆದು ನೋಡಿದ. ನಲವತ್ನಾಲ್ಕು ಸರಿ. ಇಪ್ಪತ್ತೈದೂ ಸರಿ. ಮೂರನೆಯದು ಸ್ವಲ್ಪ ದೊಡ್ಡದು, 503ರಲ್ಲಿ 278. ಮಗಳು 525 − 300 ಎಂದು ಬರೆದು 225 ತಂದಿದ್ದಳು. ಅವನು ಪೇಪರಿನ ಅಂಚಿನಲ್ಲಿ ಮಾಡಿ ನೋಡಿದ. ಇನ್ನೂರಿಪ್ಪತ್ತೈದೇ.

"ಇದೇನೇ ಇದು? ಕೇಳಿರೋ ಲೆಕ್ಕ ಒಂದು, ನೀನು ಮಾಡಿರೋದು ಇನ್ನೊಂದು."

"ಉತ್ತರ ಸರಿ ಇದ್ಯಾ ಇಲ್ವಾ?"

"ಸರಿ ಇದೆ."

"ಮತ್ತೆ?"

ಅವನು ಇನ್ನೊಮ್ಮೆ ಹಾಳೆ ನೋಡಿದ. ಹಾಳೆಯ ತಲೆಯಲ್ಲಿ 'ಹೆಜ್ಜೆಗಳನ್ನು ತೋರಿಸಿ' ಎಂದು ಅಚ್ಚಾಗಿತ್ತು. ಇವು ಹೆಜ್ಜೆಗಳು ಹೌದೋ ಅಲ್ಲವೋ? ಟೀಚರ್ ಚೌಕ ಕೊಟ್ಟಿದ್ದಾರೆ ಎಂದರೆ ತುಂಬಲಿ ಎಂದು ತಾನೇ ಕೊಟ್ಟಿರುವುದು? ಸಹಿ ಹಾಕಿ ಕಳಿಸಿದರೆ ನಾಳೆ ಇವಳಿಗೆ ಹತ್ತಕ್ಕೆ ಸೊನ್ನೆ ಬಂದು, ಅಪ್ಪ ನೋಡಿ ಸರಿ ಅಂದ್ರು ಎಂದು ಇವಳು ಅಳುತ್ತಾ ಬಂದರೆ? ಹಾಗಂತ ಅಳಿಸು ಎನ್ನೋಣವೆಂದರೆ ಉತ್ತರ ಸರಿ ಇದೆ. ಸರಿ ಇರುವುದನ್ನು ಅಳಿಸು ಎನ್ನುವುದಕ್ಕೆ ಬಾಯಿ ಬರಲಿಲ್ಲ.

ಆದರೂ ಬಂತು. ಅಪ್ಪಂದಿರ ಬಾಯಿ ಹಾಗೆಯೇ.

"ಒಂದ್ ಕೆಲ್ಸ ಮಾಡು ಪುಟ್ಟಿ. ರಬ್ಬರ್ ತಗೊಂಡು ಅಳಿಸಿ, ಮಿಸ್ ಹೇಳ್ಕೊಟ್ಟಂಗೆ ಚೌಕದಲ್ಲಿ ಬರ್ದುಬಿಡು. ರಗಳೆ ಬೇಡ."

ಗುಬ್ಬಿ ರಬ್ಬರನ್ನು ಅಂಗೈಯಲ್ಲಿ ಮುಚ್ಚಿ ಬೆನ್ನ ಹಿಂದೆ ಹಿಡಿದಳು. "ತಪ್ಪು ತೋರ್ಸು, ಅಳಿಸ್ತೀನಿ."

"ಆಹಾ, ಯಾರ ಮಗಳು ನೋಡು," ಎಂದಳು ಅಜ್ಜಿ ಬೀನ್ಸಿನಿಂದ ಕಣ್ಣೆತ್ತದೆ.

ಸರಿ, ತಪ್ಪು ತೋರಿಸಿಯೇ ಬಿಡೋಣ ಎಂದು ಅವನು ಹಾಳೆಯನ್ನು ಹತ್ತಿರಕ್ಕೆಳೆದುಕೊಂಡ. ನಾಲ್ಕನೆಯದು 642ರಲ್ಲಿ 397. ಮಗಳು 639 − 400 ಎಂದು ಬರೆದು 239 ಹಾಕಿದ್ದಳು. ಅವನು ತನ್ನ ರೀತಿಯಲ್ಲಿ ಮಾಡಿದ. ಹನ್ನೆರಡರಲ್ಲಿ ಏಳು ಹೋದರೆ ಐದು, ಹದಿಮೂರರಲ್ಲಿ ಒಂಬತ್ತು ಹೋದರೆ ನಾಲ್ಕು, ಐದರಲ್ಲಿ ಮೂರು ಹೋದರೆ ಎರಡು. ಇನ್ನೂರ ನಲವತ್ತೈದು. ಇನ್ನೊಮ್ಮೆ ಮಾಡಿದ. ಅದೇ ಬಂತು. ಅನುಮಾನ ತೀರಲಿ ಎಂದು ಮಗಳ 239ಕ್ಕೆ 397 ಕೂಡಿಸಿದ. 642 ಬರಬೇಕಿತ್ತು, ಬಂದಿದ್ದು 636.

"ಸಿಕ್ತು ನೋಡು. ಇದು ತಪ್ಪು. ಆರು ಕಮ್ಮಿ ಬಂದಿದೆ."

ಗುಬ್ಬಿಯ ಮುಖ ಸಣ್ಣದಾಯಿತು. ಬೆನ್ನ ಹಿಂದಿನ ಕೈ ಮುಂದೆ ಬಂತು. ಗೆದ್ದೆ ಎನ್ನಿಸಬೇಕಾಗಿದ್ದ ಅಪ್ಪನಿಗೆ ಯಾಕೋ ಗೆದ್ದಂತೆ ಅನ್ನಿಸಲಿಲ್ಲ. ಮೂರು ಸರಿ ಬಂದು ಒಂದು ತಪ್ಪಿದರೆ ಅದು ರೀತಿಯ ತಪ್ಪೋ, ಕೈಯ ತಪ್ಪೋ? ಬಾಗಿಲು ಚೌಕಟ್ಟಿಗೆ ಕೂರದಿದ್ದರೆ ಅಳತೆ ತಪ್ಪಿತೇ, ಕೊಯ್ಯುವಾಗ ತಪ್ಪಿತೇ ಎಂದು ಮೊದಲು ನೋಡಬೇಕು. ನೋಡದೆ ಬಾಗಿಲನ್ನೇ ಬಿಸಾಡುವವನು ಬಡಗಿಯಲ್ಲ.

"ಪುಟ್ಟಿ, ಅಳಿಸ್ಬೇಡ ಇರು. ಮೊದಲು ನಂಗೊಂದು ಹೇಳು. ಈ ಮೂರನೇದರಲ್ಲಿ ಏನು ಮಾಡಿದ್ದೀಯ? ಐನೂರ ಮೂರು ಹೋಗಿ ಐನೂರ ಇಪ್ಪತ್ತೈದು ಹೆಂಗಾಯ್ತು?"

"ಇನ್ನೂರ ಎಪ್ಪತ್ತೆಂಟು ಅಂದ್ರೆ ಕಷ್ಟ. ಇಪ್ಪತ್ತೆರಡು ಕೊಟ್ರೆ ಮುನ್ನೂರಾಗತ್ತೆ, ಮುನ್ನೂರು ಸಲೀಸು. ಕೆಳಗಿನದಕ್ಕೆ ಇಪ್ಪತ್ತೆರಡು ಕೊಟ್ರೆ ಮೇಲಿನದಕ್ಕೂ ಇಪ್ಪತ್ತೆರಡು ಕೊಡ್ಬೇಕು. ಅಷ್ಟೇ."

"ಯಾಕೆ ಕೊಡ್ಬೇಕು?"

"ನೀನೇ ಮಾಡ್ತೀಯಲ್ಲ."

"ನಾನಾ? ನಾನೆಲ್ಲಿ ಮಾಡ್ದೆ?"

ಗುಬ್ಬಿ ಕುರ್ಚಿಯಿಂದ ಜಿಗಿದು, ಗೋಡೆಯ ಮೊಳೆಗೆ ನೇತುಹಾಕಿದ್ದ ಅವನ ಅಂಗಿಯ ಜೇಬಿಗೆ ಕೈ ಹಾಕಿ ಅಳತೆಯ ಟೇಪು ತಂದಳು. ಹಳೆಯ ಟೇಪು. ತುದಿಯ ಕೊಕ್ಕೆ ಬಗ್ಗಿ, ಮೊದಲ ಕೆಲವು ಗೆರೆಗಳು ಸವೆದು ಮಾಸಿ ಹೋಗಿದ್ದವು. ಹೊಸದು ತರಬೇಕು ಎನ್ನುತ್ತಲೇ ವರ್ಷ ಕಳೆದಿತ್ತು. ಅದಕ್ಕೇ ಅವನು ಸೊನ್ನೆಯಿಂದ ಅಳೆಯುತ್ತಿರಲಿಲ್ಲ. ಹತ್ತರ ಗೆರೆಯನ್ನು ಹಲಗೆಯ ಅಂಚಿಗೆ ಹಿಡಿದು, ಆ ಕಡೆ ಎಷ್ಟು ಬಂತೋ ಅದರಲ್ಲಿ ಹತ್ತು ಬಿಟ್ಟು ಓದುತ್ತಿದ್ದ. ಕೈ ಅದಕ್ಕೆ ಎಷ್ಟು ಪಳಗಿತ್ತೆಂದರೆ ಹಾಗೆ ಮಾಡುತ್ತಿದ್ದೇನೆಂಬುದೇ ಅವನಿಗೆ ಮರೆತುಹೋಗಿತ್ತು. ಶಾಲೆ ಬಿಟ್ಟ ಮೇಲೆ ಗಂಟೆಗಟ್ಟಲೆ ಮರಗೆಲಸದ ಕೊಟ್ಟಿಗೆಯಲ್ಲಿ ಕೂತು ನೋಡುತ್ತಿದ್ದ ಮಗಳಿಗೆ ಮರೆತಿರಲಿಲ್ಲ.

"ಹಲಗೆ ಅಷ್ಟೇ ಇರತ್ತಲ್ಲ ಅಪ್ಪ. ಈ ಕಡೆ ಹತ್ತು ಮುಂದೆ ಹೋದ್ರೆ ಆ ಕಡೇನೂ ಹತ್ತು ಮುಂದೆ ಹೋಗತ್ತೆ. ಮಧ್ಯ ಇರೋದು ಅಷ್ಟೇ."

ಬಡಗಿ ಟೇಪನ್ನು ಮೇಜಿನ ಮೇಲೆ ಉದ್ದಕ್ಕೆ ಎಳೆದ. ಮಿಲಿಮೀಟರಿನ ಲೆಕ್ಕದಲ್ಲಿ ಇನ್ನೂರ ಎಪ್ಪತ್ತೆಂಟರ ಗೆರೆಯ ಮೇಲೆ ಒಂದು ಹೆಬ್ಬೆರಳು, ಐನೂರ ಮೂರರ ಮೇಲೆ ಇನ್ನೊಂದು. ಎರಡೂ ಬೆರಳನ್ನು ಇಪ್ಪತ್ತೆರಡು ಗೆರೆ ಮುಂದಕ್ಕೆ ಸರಿಸಿದ. ಮುನ್ನೂರು, ಐನೂರ ಇಪ್ಪತ್ತೈದು. ಬೆರಳುಗಳ ನಡುವಿನ ಅಂತರ ಅಷ್ಟೇ ಇತ್ತು. ಇರಲೇಬೇಕಲ್ಲ. ಇಷ್ಟು ದಿನ ಮಾಡುತ್ತಾ ಬಂದಿದ್ದು ಇದನ್ನೇ, ಆದರೆ ಇದಕ್ಕೊಂದು ಲೆಕ್ಕದ ಮುಖವಿದೆ ಎಂದು ಇವತ್ತೇ ಕಂಡದ್ದು. ಅವನಿಗೆ ಒಳಗೊಳಗೇ ನಗು ಬಂತು.

"ಹಾಗಾದ್ರೆ ನಾಲ್ಕನೇದು ಯಾಕೆ ತಪ್ತು?"

ಇಬ್ಬರೂ ಹಾಳೆಯ ಮೇಲೆ ಬಗ್ಗಿದರು. 397ಕ್ಕೆ ಮೂರು ಕೊಟ್ಟು ನಾನೂರು ಮಾಡಿದ್ದಳು. ಆದರೆ 642ಕ್ಕೆ ಮೂರು ಕೊಡುವ ಬದಲು ಮೂರು ತೆಗೆದು 639 ಮಾಡಿದ್ದಳು.

"ಮೇಲಿಂದ ಯಾಕೆ ತೆಗ್ದೆ?"

"ಹೋದ ವಾರ ಹಾಗೇ ಮಾಡಿದ್ವಿ. ಒಂದಕ್ಕೆ ಕೊಟ್ರೆ ಇನ್ನೊಂದರಿಂದ ತೆಗೀಬೇಕು ಅಂತ." ಅಷ್ಟು ಹೇಳಿದವಳು ತಾನೇ ತಡೆದಳು. "ಅಯ್ಯೋ. ಅದು ಕೂಡೋ ಲೆಕ್ಕದಲ್ಲಿ."

ಅವನು ಮತ್ತೆ ಎರಡು ಹೆಬ್ಬೆರಳು ಟೇಪಿನ ಮೇಲಿಟ್ಟ. ಕೆಳಗಿನದು ಮೂರು ಮುಂದೆ, ಮೇಲಿನದು ಮೂರು ಹಿಂದೆ. ಬೆರಳುಗಳು ಒಂದಕ್ಕೊಂದು ಹತ್ತಿರ ಬಂದವು. "ನೋಡು, ಹಲಗೇನ ಈ ತುದೀಲೂ ಮೂರು ಕುಯ್ದೆ, ಆ ತುದೀಲೂ ಮೂರು ಕುಯ್ದೆ. ಎಷ್ಟು ಹೋಯ್ತು?"

"ಆರು. ಅದಕ್ಕೇ ಆರು ಕಮ್ಮಿ." ಗುಬ್ಬಿ ಪೆನ್ಸಿಲು ತೆಗೆದುಕೊಂಡು ತಪ್ಪಿದ್ದನ್ನು ಅಳಿಸದೆ ಒಂದೇ ಗೆರೆ ಎಳೆದು, ಕೆಳಗೆ 645 − 400 = 245 ಎಂದು ಬರೆದಳು. ಬರೆದ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಮುಖ ಮತ್ತೆ ಮೊದಲಿನಷ್ಟು ಅಗಲವಾಗಿತ್ತು.

ಅಜ್ಜಿ ಕೈಯ ನಾರು ಒದರಿ, "ಏನದು, ಆ ಐನೂರ ಮೂರು ಇತ್ಲಾಗ್ ಕೊಡು," ಎಂದಳು. ಕನ್ನಡಕ ಮೂಗಿನ ತುದಿಗೆ ಇಳಿಸಿ ಕ್ಷಣ ನೋಡಿ, ಪಾಠ ಒಪ್ಪಿಸುವವಳಂತೆ ಒಂದೇ ಉಸಿರಿಗೆ ಶುರುಮಾಡಿದಳು. "ಮೂರರಲ್ಲಿ ಎಂಟು ಹೋಗಲ್ಲ, ಹದಿಮೂರರಲ್ಲಿ ಎಂಟು ಹೋದ್ರೆ ಐದು. ಕೆಳಗಿನ ಏಳಕ್ಕೊಂದು ಸೇರ್ಸು, ಎಂಟು. ಸೊನ್ನೇಲಿ ಎಂಟು ಹೋಗಲ್ಲ, ಹತ್ತರಲ್ಲಿ ಎಂಟು ಹೋದ್ರೆ ಎರಡು. ಕೆಳಗಿನ ಎರಡಕ್ಕೊಂದು ಸೇರ್ಸು, ಮೂರು. ಐದರಲ್ಲಿ ಮೂರು ಹೋದ್ರೆ ಎರಡು. ಇನ್ನೂರ ಇಪ್ಪತ್ತೈದು."

ಮಗ ಬಾಯಿ ಬಿಟ್ಟುಕೊಂಡು ಕೂತ. "ಅಮ್ಮಾ, ಕೆಳಗಿನದಕ್ಕೆ ಯಾಕೆ ಸೇರ್ಸಿದೆ? ಮೇಲಿನದರಲ್ಲಿ ತಾನೇ ಕಮ್ಮಿ ಮಾಡ್ಬೇಕು?"

"ನಮಗೆ ಹೇಳ್ಕೊಟ್ಟಿದ್ದೇ ಹಾಗೆ. ಮೇಲೆ ಹತ್ತು, ಕೆಳಗೆ ಒಂದು. ಯಾಕೆ ಅಂತ ಕೇಳಿದ್ರೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸ್ತಿದ್ರು. ಕೇಳಿದೋರು ಯಾರು?"

ಗುಬ್ಬಿ ಅಜ್ಜಿಯ ಬೆರಳನ್ನೂ ಹಾಳೆಯನ್ನೂ ನೋಡುತ್ತಾ ನಿಂತಿದ್ದಳು. "ಅಜ್ಜೀ, ಮೂರು ಹದಿಮೂರಾಯ್ತು ಅಂದ್ರೆ ಮೇಲೆ ಹತ್ತು ಕೊಟ್ಟೆ. ಕೆಳಗಿನ ಏಳು ಹತ್ತರ ಮನೇಲಿದೆ. ಅದಕ್ಕೆ ಒಂದು ಅಂದ್ರೆ ಅದೂ ಹತ್ತೇ. ಮೇಲೂ ಹತ್ತು ಕೊಟ್ಟೆ, ಕೆಳಗೂ ಹತ್ತು ಕೊಟ್ಟೆ. ನೀನೂ ನನ್ ಥರಾನೇ ಎರಡನ್ನೂ ಸರಿಸ್ತಿದ್ದೀಯ."

ಅಜ್ಜಿ ಮೊಮ್ಮಗಳನ್ನು ನೋಡಿದಳು, ಮಗನನ್ನು ನೋಡಿದಳು. ಮತ್ತೆ ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ತುಟಿಯಲ್ಲೇ ಲೆಕ್ಕ ಹಾಕಿದಳು. ಆಮೇಲೆ ಭುಜ ಕುಲುಕುವಂತೆ ನಕ್ಕುಬಿಟ್ಟಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. "ಅರವತ್ತು ವರ್ಷ ಕಣೋ. ಅರವತ್ತು ವರ್ಷ ಯಾಕೆ ಅಂತ ಗೊತ್ತಿಲ್ದೇ ಕಳೆದಿದ್ದೀನಿ. ಈ ಚೋಟುದ್ದದ್ದು ಹೇಳ್ಬೇಕಾಯ್ತು."

ಬೀನ್ಸು ಅರ್ಧಕ್ಕೇ ನಿಂತಿತು. ಮೂವರೂ ಸೇರಿ ಮಿಕ್ಕ ಆರು ಲೆಕ್ಕಗಳನ್ನು ಮೂರು ಮೂರು ರೀತಿಯಲ್ಲಿ ಮಾಡಿದರು. ಮೂರರಲ್ಲೂ ಒಂದೇ ಉತ್ತರ ಬಂದಾಗಲೆಲ್ಲ ಗುಬ್ಬಿ ಮೇಜು ಬಡಿಯುತ್ತಿದ್ದಳು. 400ರಲ್ಲಿ 163 ಕಳೆಯುವಾಗ ಮಾತ್ರ ಅಪ್ಪನೇ ಎಡವಿದ. ಎರಡು ಸೊನ್ನೆ ಕಂಡು, ಯಾವ ಮನೆಯಿಂದ ಎಷ್ಟು ತಂದೆ ಎಂಬುದು ಕಲಸಿಹೋಗಿ, ಮೂರನೇ ಸಲಕ್ಕೆ 237 ಬಂತು. ಗುಬ್ಬಿ ಆ ಹೊತ್ತಿಗೆ 437ರಲ್ಲಿ 200 ಕಳೆದು ಹಾಯಾಗಿ ಕಾಲು ಆಡಿಸುತ್ತಿದ್ದಳು.

ಕೊನೆಗೆ ಸಹಿಯ ಜಾಗ ಬಂತು. ಸರಿ ಎಂದು ತನಗೆ ಗೊತ್ತು. ಆದರೆ ಶಾಲೆ ಒಪ್ಪುತ್ತದೆಯೇ ಎಂಬುದು ಗೊತ್ತಿಲ್ಲ. ಎರಡೂ ಬೇರೆ ಬೇರೆ ಮಾತು. ಚಿಕ್ಕವನಿದ್ದಾಗ ಅವನ ಪುಸ್ತಕದಲ್ಲಿ ಸರಿ ಉತ್ತರದ ಮೇಲೂ ಕೆಂಪು ಗೆರೆ ಬಿದ್ದಿದ್ದುಂಟು, 'ಪಾಠದಂತೆ ಮಾಡು' ಎಂದು. ಅವನು ಸಹಿ ಹಾಕಿ, ಅದರ ಪಕ್ಕದಲ್ಲಿ ನಿಧಾನವಾಗಿ ಬರೆದ. 'ಎಲ್ಲ ನೋಡಿದ್ದೇನೆ. ಉತ್ತರ ಸರಿ ಇದೆ. ರೀತಿ ಬೇರೆ ಇದೆ. ಇದನ್ನು ಒಪ್ಪಬಹುದೋ ಇಲ್ಲವೋ ನನಗೆ ತಿಳಿಯದು. ನಾಳೆ ಬಂದು ಕೇಳುತ್ತೇನೆ.'

ಬರೆದ ಮೇಲೆ ಹಿಂದೆ ಸರಿಯುವ ಹಾಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಒಗೆದ ಅಂಗಿ ತೊಟ್ಟು, ಬೇಡವೆನ್ನಿಸಿದರೂ ಟೇಪನ್ನು ಜೇಬಿಗೆ ಹಾಕಿಕೊಂಡು ಮಗಳ ಕೈ ಹಿಡಿದು ಹೊರಟ. ಗಂಟೆ ಬಾರಿಸಲು ಇನ್ನೂ ಇಪ್ಪತ್ತು ನಿಮಿಷವಿತ್ತು. ತರಗತಿಯಲ್ಲಿ ಟೀಚರ್ ಒಬ್ಬರೇ ಕೂತು ಪುಸ್ತಕ ತಿದ್ದುತ್ತಿದ್ದರು. ಮೂವತ್ತರ ಆಸುಪಾಸಿನ ಹೆಂಗಸು, ಬೆರಳ ತುಂಬ ಸೀಮೆಸುಣ್ಣದ ಪುಡಿ. ಪುಟ್ಟ ಬೆಂಚುಗಳ ನಡುವೆ ಬಡಗಿಯ ಮಂಡಿಗಳಿಗೆ ಜಾಗ ಸಾಲದೆ, ಅವನು ಅಡ್ಡಡ್ಡ ಕೂತ. ಬೆಂಚಿನ ಕಾಲು ಅಲ್ಲಾಡುತ್ತಿದ್ದದ್ದು ಅವನ ಗಮನಕ್ಕೆ ಬಂತು, ಆದರೆ ಬಂದ ಕೆಲಸ ಅದಲ್ಲ.

ಟೀಚರ್ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಅವನು ಬರೆದಿದ್ದನ್ನೂ ಓದಿದರು. ಗೆರೆ ಎಳೆದ ನಾಲ್ಕನೇ ಲೆಕ್ಕದ ಹತ್ತಿರ ಪೆನ್ನು ನಿಂತಿತು.

"ಇದನ್ನ ಯಾಕೆ ಅಳಿಸಲಿಲ್ಲ?" ಎಂದು ಕೇಳಿದರು.

"ಅದು ಎಲ್ಲಿ ತಪ್ತು ಅಂತ ಗೊತ್ತಾಯ್ತು ಮೇಡಂ. ಗೊತ್ತಾದ್ಮೇಲೆ ಮುಚ್ಚಿಡೋದ್ಯಾಕೆ ಅಂತ ಬಿಟ್ವಿ."

"ಒಳ್ಳೇದು ಮಾಡಿದ್ರಿ. ಎಲ್ಲಿ ತಪ್ತು ಹೇಳಿ ನೋಡೋಣ."

ಹೇಳಲು ಬಾಯಿ ಬರಲಿಲ್ಲ, ಕೈ ಬಂತು. ಟೇಪು ಹೊರಗೆ ಬಂದು ಟೀಚರ್ ಮೇಜಿನ ಮೇಲೆ ಹರಡಿತು. ಎರಡು ಹೆಬ್ಬೆರಳು ಒಟ್ಟಿಗೆ ಮುಂದೆ ಹೋದವು, ಒಟ್ಟಿಗೆ ಹಿಂದೆ ಬಂದವು. ಆಮೇಲೆ ಒಂದಕ್ಕೊಂದು ಎದುರು ಹೋಗಿ ಆರು ಹೇಗೆ ಕಮ್ಮಿಯಾಯಿತೆಂದು ತೋರಿಸಿದವು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ ಟೀಚರಿಗೇ ಪಾಠ ಹೇಳುತ್ತಿದ್ದೇನೆಂಬುದು ಅರ್ಧಕ್ಕೆ ಬಂದಾಗ ಹೊಳೆದು, ಟೇಪು ಸರಕ್ಕನೆ ಒಳಗೆ ಹೋಗಲು ಬಿಟ್ಟ.

"ಕ್ಷಮಿಸಿ, ನಾನೇನೋ..."

"ಅಯ್ಯೋ, ಯಾಕ್ರೀ ನಿಲ್ಲಿಸಿದ್ರಿ? ನಾನಿದನ್ನ ಬೋರ್ಡಿನ ಮೇಲೆ ಗೆರೆ ಎಳೆದು ಹೇಳೋಷ್ಟರಲ್ಲಿ ಅರ್ಧ ಮಕ್ಕಳು ಆಕಳಿಸ್ತಾರೆ." ಟೀಚರ್ ನಗುತ್ತಿದ್ದರು. "ತಪ್ಪು ನಂದೂ ಇದೆ ಬಿಡಿ. ಹೆಜ್ಜೆ ತೋರಿಸಿ ಅಂತ ಬರೆದೆ. ಯಾರ ಹೆಜ್ಜೆ ಅಂತ ಬರೀಲಿಲ್ಲ. ಇವಳು ತನ್ನದು ತೋರಿಸಿದ್ದಾಳೆ, ಸರಿಯಾಗೇ ತೋರಿಸಿದ್ದಾಳೆ. ಈ ರೀತಿ ಒಪ್ಪೋದೇ. ಯಾವ ಸಂಖ್ಯೆಗೆ ಬೇಕಾದ್ರೂ ನಡೆಯತ್ತೆ, ಎರಡಕ್ಕೂ ಒಂದೇ ಸಮ ಕೊಟ್ರೆ."

ಅವನ ಎದೆಯಿಂದ ದೊಡ್ಡ ಉಸಿರು ಹೊರಬಂತು. ಗುಬ್ಬಿ ಒಂದು ಕಾಲಲ್ಲಿ ಕುಣಿದಳು.

"ಆದರೆ," ಎಂದರು ಟೀಚರ್. ಕುಣಿತ ನಿಂತಿತು. "ಈ ವಾರ ನಾನು ನೋಡ್ಬೇಕಾಗಿರೋದು ಇನ್ನೊಂದಿದೆ. ಹತ್ತನ್ನ ಬಿಡಿಸಿ ಬಿಡಿ ಮಾಡೋದು, ನೂರನ್ನ ಬಿಡಿಸಿ ಹತ್ತು ಮಾಡೋದು ಇವಳಿಗೆ ಬರತ್ತಾ ಅಂತ. ಚೌಕ ಅದಕ್ಕೇ ಕೊಟ್ಟಿದ್ದು. ಮುಂದೆ ಭಾಗಾಕಾರಕ್ಕೆ ಅದು ಬೇಕೇ ಬೇಕು. ಹಾಗಾಗಿ ಎರಡೇ ಎರಡು ಲೆಕ್ಕ ಚೌಕದಲ್ಲಿ ಮಾಡಿ ತೋರಿಸ್ಲಿ. ಮಿಕ್ಕಿದ್ದೆಲ್ಲ ಇವಳಿಷ್ಟ."

ಮೊದಲನೆಯದು 82ರಲ್ಲಿ 38. ಗುಬ್ಬಿ ಚಕಚಕನೆ ಚೌಕದಲ್ಲಿ ಏಳು, ಹನ್ನೆರಡು ಎಂದು ಬರೆದು ಮುಗಿಸಿದಳು. ಎರಡನೆಯದು 503. ಪೆನ್ಸಿಲು ಹಾಳೆಗೆ ತಾಗಿತು, ಮೇಲೆದ್ದಿತು. ಮತ್ತೆ ತಾಗಿತು. ಅವಳ ಎಡಗಾಲಿನ ಹೆಬ್ಬೆರಳು ನೆಲ ಕೆರೆಯತೊಡಗಿತು. ಆ ಹೆಬ್ಬೆರಳನ್ನು ಅಪ್ಪ ಬಲ್ಲ.

"ಏನಾಯ್ತು ಪುಟ್ಟಿ?"

ಯಾರಿಗೂ ಕೇಳಬಾರದೆಂಬಂತೆ ಹೇಳಿದಳು. "ಮಧ್ಯ ಸೊನ್ನೆ ಇದ್ರೆ ನಂಗೆ ಬರಲ್ಲ. ಸೊನ್ನೆ ಹತ್ರ ಏನಿದೆ ಕೊಡೋದಕ್ಕೆ? ಆಮೇಲೆ ಅದು ಒಂಬತ್ತು ಯಾಕಾಗತ್ತೆ? ಅದಕ್ಕೇ ನಾನು ಎರಡನ್ನೂ ಸರಿಸಿದ್ದು."

ನಿನ್ನೆ ಸಂಜೆಯೆಲ್ಲ ಮಗಳ ಜಾಣತನಕ್ಕೆ ಬೀಗುತ್ತಿದ್ದವನಿಗೆ ಆ ಜಾಣತನದ ಹಿಂದೆ ಇಷ್ಟು ಪುಟ್ಟ ಹೆದರಿಕೆಯೊಂದು ಅಡಗಿ ಕೂತಿದೆ ಎಂದು ಗೊತ್ತೇ ಆಗಿರಲಿಲ್ಲ. ಮರುಕ್ಷಣ ಇನ್ನೊಂದೂ ಹೊಳೆಯಿತು. ಅದು ಯಾಕೆ ಒಂಬತ್ತಾಗುತ್ತದೆ ಎಂದು ತನಗೂ ಗೊತ್ತಿಲ್ಲ. ಆಗುತ್ತದೆ ಎಂದಷ್ಟೇ ಗೊತ್ತು.

"ನಂಗೂ ಹೇಳ್ಕೊಡಿ ಮೇಡಂ," ಎಂದ ಅವನು. "ನಾನೂ ಗಿಳಿಪಾಠಾನೇ ಮಾಡಿರೋದು."

ಟೀಚರ್ ಕಪಾಟಿನಿಂದ ಒಂದು ಡಬ್ಬ ತಂದು ಮೇಜಿನ ಮೇಲೆ ಸುರಿದರು. ಐಸ್‌ಕ್ರೀಮಿನ ಕಡ್ಡಿಗಳು. ಹತ್ತು ಹತ್ತು ಕಡ್ಡಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಅಂಥ ಹತ್ತು ಹತ್ತು ಕಟ್ಟು ತುಂಬಿದ ಎರಡು ಚೀಲ, ಮೂರು ಬಿಡಿ ಕಡ್ಡಿ. "ಐನೂರು ಬೇಡ, ಕಡ್ಡಿ ಸಾಲಲ್ಲ. ಇನ್ನೂರ ಮೂರರಲ್ಲಿ ಎಪ್ಪತ್ತೆಂಟು ಕಳಿ ನೋಡೋಣ."

"ಎರಡು ಚೀಲ, ಮೂರು ಕಡ್ಡಿ," ಎಂದಳು ಗುಬ್ಬಿ. "ಕಟ್ಟು ಒಂದೂ ಹೊರಗಿಲ್ಲ. ಅದೇ ಸೊನ್ನೆ."

"ನಂಗೆ ಎಂಟು ಬಿಡಿ ಕಡ್ಡಿ ಕೊಡು."

"ಮೂರೇ ಇದೆ. ಕಟ್ಟು ಬಿಚ್ಚಬೇಕು. ಕಟ್ಟು ಇಲ್ಲ." ಅವಳು ಚೀಲವನ್ನೇ ನೋಡಿದಳು. "ಚೀಲ ಬಿಚ್ಚಬಹುದಾ?"

"ನಿನ್ ಚೀಲ, ನಿನ್ನಿಷ್ಟ."

ಒಂದು ಚೀಲ ಬಿಚ್ಚಿತು. ಹತ್ತು ಕಟ್ಟುಗಳು ಸಾಲಾಗಿ ನಿಂತವು. ಅವುಗಳಲ್ಲಿ ಒಂದರ ರಬ್ಬರ್ ಬ್ಯಾಂಡ್ ಎಳೆದು ಬಿಡಿ ಕಡ್ಡಿಗಳ ಜತೆ ಸೇರಿಸಿದಳು. ಹದಿಮೂರು. ಎಂಟು ಎಣಿಸಿ ಟೀಚರ್ ಕೈಗೆ ಕೊಟ್ಟಳು, ಐದು ಉಳಿಯಿತು. ಕಟ್ಟುಗಳ ಕಡೆ ತಿರುಗಿ ಏಳು ತೆಗೆಯಲು ಕೈ ಹಾಕಿದವಳು, ಕೈಯನ್ನು ಹಾಗೇ ನಿಲ್ಲಿಸಿದಳು. ಮತ್ತೆ ಎಣಿಸಿದಳು.

"ಒಂಬತ್ತು," ಎಂದಳು ಮೆಲ್ಲಗೆ. "ಅಪ್ಪಾ, ಒಂಬತ್ತು ಇದೆ. ಹತ್ತು ಕಟ್ಟು ಬಂತು, ಒಂದು ಬಿಚ್ಚಿದ್ವಿ. ಅದಕ್ಕೇ ಒಂಬತ್ತು."

"ಹೌದಲ್ವೇನೇ," ಎಂದ ಅಪ್ಪ. ಅವನ ದನಿಯಲ್ಲಿದ್ದದ್ದು ಮಗಳನ್ನು ಹುರಿದುಂಬಿಸುವ ನಾಟಕವಲ್ಲ. ಮೂವತ್ತು ವರ್ಷ ತಡವಾಗಿ ಅವನೂ ಅದೇ ಬೆಂಚಿನಲ್ಲಿ ಕೂತಿದ್ದ.

ಒಂಬತ್ತರಲ್ಲಿ ಏಳು ಹೋಗಿ ಎರಡು ಕಟ್ಟು, ಒಂದು ಚೀಲ, ಐದು ಕಡ್ಡಿ. ನೂರ ಇಪ್ಪತ್ತೈದು. ಗುಬ್ಬಿ ಹಾಳೆ ಎಳೆದುಕೊಂಡು 503ರ ನೆತ್ತಿಯ ಮೂರು ಚೌಕಗಳಲ್ಲಿ ನಾಲ್ಕು, ಒಂಬತ್ತು, ಹದಿಮೂರು ಎಂದು ಒತ್ತಿ ಒತ್ತಿ ಬರೆದಳು. ಕೆಳಗೆ ಬಂದಿದ್ದು ಅದೇ ಇನ್ನೂರ ಇಪ್ಪತ್ತೈದು.

ಅಷ್ಟರಲ್ಲಿ ಮಕ್ಕಳು ಒಬ್ಬೊಬ್ಬರೇ ಬಂದು ಮೇಜಿನ ಸುತ್ತ ಮುತ್ತಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಕತ್ತು ತೂರಿಸಿ, "ಮಿಸ್, ನಂದು ಇನ್ನೂ ಬೇರೆ," ಎಂದಳು. "ನಾನು ಹತ್ತಿಕೊಂಡು ಹೋಗ್ತೀನಿ. ಇನ್ನೂರ ಎಪ್ಪತ್ತೆಂಟರಿಂದ ಎರಡು ಹತ್ತಿದ್ರೆ ಎಂಬತ್ತು, ಇಪ್ಪತ್ತು ಹತ್ತಿದ್ರೆ ಮುನ್ನೂರು, ಇನ್ನೂರ ಮೂರು ಹತ್ತಿದ್ರೆ ಐನೂರ ಮೂರು. ಹತ್ತಿದ್ದೆಲ್ಲ ಸೇರಿಸಿದ್ರೆ ಇನ್ನೂರ ಇಪ್ಪತ್ತೈದು. ಅಮ್ಮ ಬೇಡ ಅಂದ್ರು ಅಂತ ಅಳಿಸಿಬಿಟ್ಟೆ."

ಟೀಚರ್ ಹಣೆಗೆ ಕೈ ಹಚ್ಚಿಕೊಂಡರು. ಸೀಮೆಸುಣ್ಣದ ಬಿಳಿ ಹಣೆಯ ಮೇಲೆ ಉಳಿಯಿತು. "ಇನ್ನೂ ಎಷ್ಟು ಜನ ಅಳಿಸಿದ್ದೀರಪ್ಪ?"

ಐದಾರು ಕೈಗಳು ಮೇಲೆದ್ದವು. ಕೈ ಎತ್ತಿದ ಒಬ್ಬನಿಗೆ ಮಾತ್ರ ತಾನು ಏನನ್ನು ಅಳಿಸಿದ್ದೆಂಬುದು ನೆನಪಿರಲಿಲ್ಲ.

"ಇವತ್ತು ಪಾಠ ಬೇರೆ ಮಾಡೋಣ ಬಿಡಿ," ಎಂದರು ಟೀಚರ್. "ಅಳಿಸಿದ್ದನ್ನೆಲ್ಲ ಬೋರ್ಡಿನ ಮೇಲೆ ಬರೀಬೇಕು. ಎಲ್ಲಾ ರೀತೀನೂ ಸರಿ ಹೋಗತ್ತಾ, ಎಲ್ಲಿ ತಪ್ಪತ್ತೆ, ನೋಡ್ಬಿಡೋಣ."

ಗಂಟೆ ಹೊಡೆಯಿತು. ಮಿಕ್ಕವರು ಕಾರಿಡಾರಿನಿಂದ ಒಮ್ಮೆಗೇ ನುಗ್ಗಿದರು. ಯಾರದೋ ಬ್ಯಾಗು ಡಬ್ಬಕ್ಕೆ ತಾಗಿತು. ಉಳಿದ ಚೀಲ ಬಾಯಿ ತೆರೆದು, ಕಟ್ಟುಗಳು ಉರುಳಿ, ಬ್ಯಾಂಡುಗಳು ಸಿಡಿದು, ಕಡ್ಡಿಗಳೆಲ್ಲ ನೆಲದ ತುಂಬ ಚೆಲ್ಲಾಪಿಲ್ಲಿಯಾದವು. ಎಲ್ಲರೂ ಟೀಚರ್ ಬೈಯುತ್ತಾರೆಂದು ಕಾದರು. ಬೈಗುಳದ ಬದಲು ಟೀಚರಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಇಡೀ ತರಗತಿಗೇ ನಗು ಹತ್ತಿಕೊಂಡಿತು.

ಬಡಗಿ ಒಗೆದ ಅಂಗಿಯನ್ನು ಲೆಕ್ಕಿಸದೆ ನೆಲಕ್ಕೆ ಮಂಡಿಯೂರಿದ. ಬೆಂಚಿನಡಿ ಕೈ ಚಾಚಿ ಕಡ್ಡಿ ಬಾಚಿದ. ಎಡಗಡೆ ಗುಬ್ಬಿ, ಬಲಗಡೆ ಎರಡು ಜಡೆಯವಳು, ಹಿಂದೆ ಮುಂದೆ ಇಪ್ಪತ್ತೈದು ಮಕ್ಕಳು, ಎಲ್ಲರೂ ಹತ್ತು ಹತ್ತು ಎಣಿಸಿ ಕಟ್ಟುತ್ತಿದ್ದರು. ಊರ ಇನ್ನೊಂದು ತುದಿಯಲ್ಲಿ ಒಂದು ಅಡುಗೆಮನೆಯ ಕಪಾಟು ಅವನಿಗಾಗಿ ಕಾಯುತ್ತಿತ್ತು. ಒಂಬತ್ತಕ್ಕೆ ಬರುತ್ತೇನೆಂದಿದ್ದ, ಆಗಲೇ ಒಂಬತ್ತೂಕಾಲು.

"ನಂದು ಎಂಟೇ ಆಯ್ತು," ಎಂದು ಯಾರೋ ಕೂಗಿದರು.

"ನನ್ ಹತ್ರ ಹನ್ನೆರಡಿದೆ, ಎರಡು ತಗೋ," ಎಂದ ಬಡಗಿ, ಮತ್ತೆ ಬೆಂಚಿನಡಿಗೆ ಬಗ್ಗಿದ.